ದೂರದ ಓಟದ ನಡುವೆ ತಡೆಯಲಾಗದ ಭೇದಿ: ಪದೇ ಪದೇ ಕೇಳುವ ಪ್ರಶ್ನೆಗಳು

ವಾರದ ದಿನಗಳಲ್ಲಿ ಆರೇಳು ಕಿಲೋಮೀಟರ್ ಓಡಿದರೆ ಏನೂ ಆಗುವುದಿಲ್ಲ. ಭಾನುವಾರದ ಉದ್ದದ ಓಟದಲ್ಲಿ ಮಾತ್ರ ಹೊಟ್ಟೆ ನುಲಿದು ಶೌಚಕ್ಕೆ ಓಡಬೇಕಾಗುತ್ತದೆ. ಇದು ಕಾಯಿಲೆಯೇ?

ಹೆಚ್ಚಿನವರಲ್ಲಿ ಇದು ಕಾಯಿಲೆಯಲ್ಲ. ದೂರ ಓಡುವವರಲ್ಲಿ ಬಹಳ ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಬರುವ ತೊಂದರೆ ಇದು. ಒಂದು ಗಂಟೆ ದಾಟಿದ ಮೇಲೆ ಕಿಬ್ಬೊಟ್ಟೆಯಲ್ಲಿ ಗುಡುಗುಡು ಸದ್ದು, ಅಲೆಅಲೆಯಾಗಿ ಬರುವ ನುಲಿತ, ಆಮೇಲೆ ಮುಂದೂಡಲಾಗದ ಅವಸರ, ಕೊನೆಗೆ ನೀರುನೀರಾದ ಅಥವಾ ಸಡಿಲವಾದ ಮಲ: ಇದು ಇದರ ಸಾಮಾನ್ಯ ಕ್ರಮ. ಓಟ ನಿಲ್ಲಿಸಿ ಒಮ್ಮೆ ಶೌಚಕ್ಕೆ ಹೋಗಿ ಬಂದರೆ ಬಹುಪಾಲು ಜನರಿಗೆ ಸಮಾಧಾನವಾಗುತ್ತದೆ, ಅಂದೇ ಮಧ್ಯಾಹ್ನ ಎಂದಿನಂತೆ ಊಟ ಸೇರುತ್ತದೆ. ಓಡದ ದಿನಗಳಲ್ಲಿಯೂ ಭೇದಿಯಾಗುತ್ತಿದ್ದರೆ, ಜ್ವರವಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಅದು ಬೇರೆಯ ಮಾತು. ಅದನ್ನು ಕೊನೆಯ ಪ್ರಶ್ನೆಯಲ್ಲಿ ವಿವರಿಸಿದ್ದೇವೆ.

ಓಡಿದರೆ ಕರುಳಿಗೆ ರಕ್ತ ಕಡಿಮೆಯಾಗುತ್ತದೆ ಎನ್ನುತ್ತಾರೆ. ಅದಕ್ಕೂ ಭೇದಿಗೂ ಏನು ಸಂಬಂಧ?

ಈ ತೊಂದರೆಯ ಬೇರು ಇರುವುದೇ ಇಲ್ಲಿ. ನಾವು ಸುಮ್ಮನೆ ಕುಳಿತಿರುವಾಗ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಕಾಲು ಭಾಗ ಜಠರ, ಕರುಳು ಮತ್ತು ಯಕೃತ್ತಿನ ಕಡೆಗೆ ಹೋಗುತ್ತದೆ. ಓಟ ಶುರುವಾದಾಗ ಕಾಲಿನ ಸ್ನಾಯುಗಳು ರಕ್ತ ಬೇಡುತ್ತವೆ. ಮೈ ಬಿಸಿಯಾದಂತೆ ಶಾಖವನ್ನು ಹೊರಹಾಕಲು ಚರ್ಮವೂ ತನ್ನ ಪಾಲು ಕೇಳುತ್ತದೆ. ಆಗ ನರಮಂಡಲವು ಕರುಳಿನ ರಕ್ತನಾಳಗಳನ್ನು ಕಿರಿದಾಗಿಸಿ ಅಲ್ಲಿನ ರಕ್ತವನ್ನು ಬೇರೆಡೆಗೆ ತಿರುಗಿಸುತ್ತದೆ. ವೇಗ ಹೆಚ್ಚಿದಷ್ಟೂ ಈ ಕಡಿತ ಹೆಚ್ಚು. ಬಹಳ ಬಿರುಸಿನ ಓಟದಲ್ಲಿ ಕರುಳಿನ ರಕ್ತ ಹರಿವು ವಿಶ್ರಾಂತಿಯಲ್ಲಿದ್ದುದಕ್ಕಿಂತ ಶೇ. 80ರಷ್ಟು ಇಳಿಯಬಲ್ಲದು.

ಸಣ್ಣ ಕರುಳಿನ ಒಳಪದರ ಆಮ್ಲಜನಕದ ಕೊರತೆಯನ್ನು ಹೆಚ್ಚು ಹೊತ್ತು ತಾಳುವುದಿಲ್ಲ. ಸಕ್ಕರೆಯನ್ನೂ ಲವಣವನ್ನೂ ಅವುಗಳ ಜೊತೆಗೆ ನೀರನ್ನೂ ಒಳಗೆ ಸೆಳೆದುಕೊಳ್ಳುವ ಅದರ ಕೆಲಸ ನಿಧಾನವಾಗುತ್ತದೆ, ಒಳಪದರದ ಜೀವಕೋಶಗಳ ನಡುವಿನ ಬಿಗಿತವೂ ಸಡಿಲವಾಗುತ್ತದೆ. ಹೀರಲ್ಪಡದೆ ಉಳಿದ ಸಕ್ಕರೆ ಕರುಳಿನೊಳಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ದೊಡ್ಡ ಕರುಳಿಗೆ ತಲುಪಿದರೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ಹುಟ್ಟಿಸುತ್ತವೆ. ನೀರು, ಅನಿಲ ಮತ್ತು ಕೆರಳಿದ ಕರುಳು ಒಟ್ಟಾದಾಗ ಆ ಅವಸರ ಬರುತ್ತದೆ. ಆದ್ದರಿಂದ ಹಿಂದಿನ ರಾತ್ರಿ ತಿಂದದ್ದು ಕೆಟ್ಟಿತ್ತು ಎಂದುಕೊಳ್ಳುವುದು ಬಹುತೇಕ ತಪ್ಪು ಊಹೆ. ಆಹಾರ ಚೆನ್ನಾಗಿಯೇ ಇರುತ್ತದೆ, ಅದನ್ನು ಸಂಭಾಳಿಸುವಷ್ಟು ರಕ್ತ ಆ ಹೊತ್ತಿನಲ್ಲಿ ಕರುಳಿಗೆ ಸಿಗುತ್ತಿರುವುದಿಲ್ಲ.

ಸೈಕಲ್ ತುಳಿಯುವ ಸ್ನೇಹಿತರಿಗೆ ನಾಲ್ಕು ಗಂಟೆ ತುಳಿದರೂ ಹೀಗಾಗುವುದಿಲ್ಲ. ಏಕೆ?

ಸೈಕಲ್ ಸವಾರರಲ್ಲಿಯೂ ಕರುಳಿನ ರಕ್ತ ಕಡಿಮೆಯಾಗುತ್ತದೆ, ಆದರೆ ಅವರ ಹೊಟ್ಟೆ ಕುಲುಕುವುದಿಲ್ಲ. ಓಟದಲ್ಲಿ ಪ್ರತಿ ಹೆಜ್ಜೆಗೂ ನೆಲದಿಂದ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಮೇಲಕ್ಕೆ ಬರುತ್ತದೆ. ನಿಮಿಷಕ್ಕೆ 165 ಹೆಜ್ಜೆಯಂತೆ ಎರಡೂವರೆ ಗಂಟೆ ಓಡಿದರೆ ಹೊಟ್ಟೆಯೊಳಗಿನ ಅಂಗಗಳು ಸುಮಾರು 25,000 ಸಲ ಕುಲುಕಿರುತ್ತವೆ. ಈ ಕುಲುಕಾಟ ದೊಡ್ಡ ಕರುಳಿನಲ್ಲಿರುವುದನ್ನು ಕೆಳಕ್ಕೆ ತಳ್ಳುತ್ತದೆ, ಈಗಾಗಲೇ ರಕ್ತ ಕಡಿಮೆಯಿರುವ ಕರುಳಿನ ಗೋಡೆಯನ್ನು ಇನ್ನಷ್ಟು ಕೆರಳಿಸುತ್ತದೆ. ಓಟಗಾರರಿಗೆ ಕೆಳಹೊಟ್ಟೆಯ ತೊಂದರೆ ಸೈಕಲ್ ಸವಾರರಿಗಿಂತ ಹೆಚ್ಚಾಗಿ ಕಾಣಲು ಇದು ಮುಖ್ಯ ಕಾರಣ. ನಂದಿಬೆಟ್ಟದಂತಹ ಕಡೆ ಇಳಿಜಾರಿನಲ್ಲಿ ಹೊಟ್ಟೆ ಹೆಚ್ಚು ಕೆಡುತ್ತದೆ ಎಂದು ಹಲವರು ಹೇಳುವುದೂ ಇದೇ ಕಾರಣಕ್ಕೆ, ಏಕೆಂದರೆ ಇಳಿಯುವಾಗ ಪ್ರತಿ ಹೆಜ್ಜೆಯ ಪೆಟ್ಟು ಜೋರಾಗಿರುತ್ತದೆ.

ಬೆಂಗಳೂರಿನ ಹವೆ ತಂಪು. ಇಲ್ಲಿಯೂ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ?

ಹೌದು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಬೆಳಗಿನ ಜಾವ ಹಿತವಾಗಿರುತ್ತದೆ, ಮತ್ತು ಆ ಹಿತವೇ ಅನೇಕರನ್ನು ನೀರು ಕುಡಿಯದಂತೆ ಮಾಡುತ್ತದೆ. ಐದೂವರೆಗೆ ಕಬ್ಬನ್ ಪಾರ್ಕ್‌ನಲ್ಲಿ ಹೊರಟವರು ಎಂಟು ಗಂಟೆಗೆ ಮರದ ನೆರಳಿಲ್ಲದ ರಸ್ತೆಯಲ್ಲಿರುತ್ತಾರೆ, ಆ ಹೊತ್ತಿಗೆ ಬೆವರಿನಲ್ಲಿ ಒಂದೂವರೆ ಲೀಟರ್ ನೀರು ಹೋಗಿರಬಹುದು. ದೇಹದಲ್ಲಿ ನೀರು ಕಡಿಮೆಯಾದರೆ ಹಂಚಲು ಇರುವ ರಕ್ತದ ಪ್ರಮಾಣವೂ ಕುಗ್ಗುತ್ತದೆ. ಚರ್ಮಕ್ಕೂ ಸ್ನಾಯುವಿಗೂ ಕೊಟ್ಟು ಉಳಿಯುವುದು ಕರುಳಿಗೆ ಬಹಳ ಸ್ವಲ್ಪ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಇದು ಇನ್ನೂ ಬೇಗ ಎದುರಾಗುತ್ತದೆ.

ಶನಿವಾರ ರಾತ್ರಿ ಏನು ತಿನ್ನಬೇಕು? ಮುದ್ದೆ, ಕಾಳುಸಾರು ಬಿಡಬೇಕೇ?

ವಾರಪೂರ್ತಿ ಬಿಡುವ ಅಗತ್ಯವಿಲ್ಲ, ಬಿಡಲೂಬಾರದು. ಆದರೆ ಉದ್ದದ ಓಟಕ್ಕೆ ಮುಂಚಿನ ಒಂದು ದಿನ, ಸ್ಪರ್ಧೆಗೆ ಮುಂಚಿನ ಎರಡು ದಿನ, ಕರುಳಿನಲ್ಲಿ ಉಳಿಕೆ ಕಡಿಮೆಯಿರುವಂತೆ ನೋಡಿಕೊಳ್ಳುವುದು ಒಳ್ಳೆಯದು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂಗೂ ಕಡಿಮೆ. ಉಳಿದ ದಿನ ರಾಗಿಯನ್ನು ಮೆಚ್ಚುವುದು ಯಾವ ಗುಣಕ್ಕೋ, ಓಟದ ಹಿಂದಿನ ರಾತ್ರಿ ಅದೇ ಗುಣ ತೊಂದರೆಯಾಗುತ್ತದೆ. ಹುರುಳಿ, ಕಡಲೆ, ಅವರೆ, ಅಲಸಂದೆಗಳಲ್ಲಿ ಸಣ್ಣ ಕರುಳು ಜೀರ್ಣಿಸಲಾರದ ಒಂದು ಬಗೆಯ ಸಕ್ಕರೆಗಳಿದ್ದು, ಅವು ನೇರವಾಗಿ ದೊಡ್ಡ ಕರುಳಿಗೆ ಹೋಗಿ ಹುದುಗುತ್ತವೆ. ಈರುಳ್ಳಿ, ಬೆಳ್ಳುಳ್ಳಿಗಳದ್ದೂ ಅದೇ ಕಥೆ.

ಅನ್ನದ ಜೊತೆ ತಿಳಿಸಾರು, ಮೊಸರು ಒಗ್ಗುವವರಿಗೆ ಸ್ವಲ್ಪ ಮೊಸರು, ಬೇಯಿಸಿದ ಕ್ಯಾರೆಟ್ ಅಥವಾ ಸೌತೆಕಾಯಿ ಹುಳಿ ಸಾಕು. ಇಡ್ಲಿಯೂ ಒಳ್ಳೆಯದು, ಆದರೆ ಸಾಂಬಾರಿಗೆ ಬದಲು ಸ್ವಲ್ಪ ತುಪ್ಪ ಅಥವಾ ಚಟ್ನಿ ಹಾಕಿಕೊಳ್ಳಿ. ಕರಿದ ತಿಂಡಿ ಜಠರದಿಂದ ಮುಂದಕ್ಕೆ ಸಾಗುವುದೇ ನಿಧಾನ, ಹಾಗಾಗಿ ಆ ರಾತ್ರಿ ಬೇಡ. ಊಟವನ್ನು ಎಂಟು ಗಂಟೆಯೊಳಗೆ ಮುಗಿಸಿ. ಸಕ್ಕರೆರಹಿತ ಚೂಯಿಂಗ್ ಗಮ್ ಅಗಿಯುವ ಅಭ್ಯಾಸವಿದ್ದರೆ ಅದರಲ್ಲಿರುವ ಸಾರ್ಬಿಟಾಲ್ ಕೂಡ ಮಲವನ್ನು ಸಡಿಲಗೊಳಿಸುತ್ತದೆ ಎಂಬುದು ನೆನಪಿರಲಿ.

ಬೆಳಗ್ಗೆ ಕಾಫಿ ಕುಡಿಯದೆ ಹೊರಡಲು ಆಗುವುದಿಲ್ಲ.

ಕಾಫಿಯನ್ನು ಬಿಡಬೇಕೆಂದಿಲ್ಲ, ಹೊತ್ತನ್ನು ಹಿಂದಕ್ಕೆ ಸರಿಸಿದರೆ ಸಾಕು. ಕಾಫಿ ದೊಡ್ಡ ಕರುಳಿನ ಚಲನೆಯನ್ನು ಬಹಳ ಬೇಗ ಎಬ್ಬಿಸುತ್ತದೆ. ಓಟಕ್ಕೆ ಒಂದೂವರೆ ಗಂಟೆ ಮೊದಲು ಕುಡಿದರೆ ಮನೆಯಲ್ಲಿಯೇ ಶೌಚ ಮುಗಿಸಲು ಅದೇ ನೆರವಾಗುತ್ತದೆ, ಹೊರಡುವ ಮುನ್ನ ಕುಡಿದರೆ ಅದರ ಪರಿಣಾಮ ದಾರಿಯಲ್ಲಿ ಕಾಣುತ್ತದೆ. ಫಿಲ್ಟರ್ ಕಾಫಿಯಲ್ಲಿ ಹಾಲಿನ ಪಾಲು ಹೆಚ್ಚು. ದಕ್ಷಿಣ ಭಾರತದ ವಯಸ್ಕರಲ್ಲಿ ಹಾಲಿನ ಲ್ಯಾಕ್ಟೋಸ್ ಸರಿಯಾಗಿ ಜೀರ್ಣವಾಗದವರು ಬಹಳ ಇದ್ದಾರೆ. ಉಳಿದ ದಿನಗಳಲ್ಲಿ ಒಂದು ಲೋಟ ಹಾಲು ಏನೂ ಮಾಡದವರಿಗೂ ರಕ್ತ ಕಡಿಮೆಯಿರುವ ಕರುಳಿನಲ್ಲಿ ಅದು ಭಾರವಾಗಬಹುದು. ಓಟದ ದಿನ ಹಾಲನ್ನು ಅರ್ಧಕ್ಕೆ ಇಳಿಸಿ ನೋಡಿ.

ಒಬ್ಬರ ತೊಂದರೆಯನ್ನು ಹಂತಹಂತವಾಗಿ ಹೇಗೆ ಬಿಡಿಸಿದಿರಿ ಎಂದು ತೋರಿಸಬಹುದೇ?

ನಮ್ಮ ಓಟದ ಗುಂಪಿಗೆ ಬರುವ, ಜಯನಗರದ 38 ವರ್ಷದ ಒಬ್ಬ ಮಹಿಳೆ ಪೂರ್ಣ ಮ್ಯಾರಥಾನ್‌ಗೆ ಸಿದ್ಧತೆ ಮಾಡಿಕೊಳ್ಳುತ್ತಿದ್ದರು. ಅವರ ತೂಕ 58 ಕಿಲೋ. ಪ್ರತಿ ಭಾನುವಾರ 16ನೇ ಕಿಲೋಮೀಟರ್ ಹೊತ್ತಿಗೆ ಹೊಟ್ಟೆ ನುಲಿದು ಓಟ ನಿಲ್ಲುತ್ತಿತ್ತು. ಒಂದು 25 ಕಿಲೋಮೀಟರ್ ಓಟದ ವಿವರಗಳನ್ನೆಲ್ಲ ಬರೆದು ತರುವಂತೆ ಕೇಳಿದೆವು.

ಹಿಂದಿನ ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು ಮತ್ತು ಕೋಸಂಬರಿ ಊಟ ಮಾಡಿದ್ದರು. ಬೆಳಗ್ಗೆ ಐದು ಗಂಟೆಗೆ ಗಟ್ಟಿ ಹಾಲಿನ ಕಾಫಿ, ಐದೂವರೆಗೆ ಓಟ. ಕಿಲೋಮೀಟರಿಗೆ 6 ನಿಮಿಷ 10 ಸೆಕೆಂಡಿನ ವೇಗ. ಅವರ ಸರಾಗ ಓಟದ ವೇಗ ಇರಬೇಕಾದ್ದು 6 ನಿಮಿಷ 50 ಸೆಕೆಂಡ್. ಮೊದಲ ಹತ್ತು ಕಿಲೋಮೀಟರ್ ನೀರಿಲ್ಲ. 12ನೇ ಕಿಲೋಮೀಟರಿನಲ್ಲಿ, ಅಂದರೆ ಓಟ ಶುರುವಾದ 74 ನಿಮಿಷಕ್ಕೆ, 25 ಗ್ರಾಂ ಸಕ್ಕರೆಯ ಒಂದು ಜೆಲ್ ಅನ್ನು ಒಂದೇ ಗುಟುಕು ನೀರಿನೊಂದಿಗೆ ನುಂಗಿದರು. ಅಲ್ಲಿಂದ 25 ನಿಮಿಷಕ್ಕೆ ಅವಸರ ಬಂತು. ಮುಗಿಸಿದಾಗ ತೂಕ 56.4 ಕಿಲೋ. ಒಟ್ಟು ಕುಡಿದದ್ದು 300 ಮಿಲಿಲೀಟರ್. ಇಳಿದ 1.6 ಕಿಲೋ ಮತ್ತು ಕುಡಿದ 300 ಮಿಲಿಲೀಟರ್ ಸೇರಿಸಿದರೆ 1.9 ಲೀಟರ್ ಹೋಗಿದೆ. ಅದರಲ್ಲಿ ಶೌಚದಲ್ಲಿ ಹೋದದ್ದೂ ಸೇರಿದ್ದರಿಂದ ಬೆವರನ್ನು ಗಂಟೆಗೆ ಸುಮಾರು 700 ಮಿಲಿಲೀಟರ್ ಎಂದು ಹಿಡಿದೆವು.

ಇಷ್ಟೂ ಕಾರಣಗಳನ್ನು ಒಂದೇ ಸಲ ಬದಲಿಸಿದ್ದರೆ ಯಾವುದು ಎಷ್ಟು ಕಾಡುತ್ತಿತ್ತೆಂದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಮೊದಲ ಭಾನುವಾರ ರಕ್ತ ಹರಿವಿಗೆ ನೇರವಾಗಿ ಸಂಬಂಧಿಸಿದ ಎರಡನ್ನು ಮಾತ್ರ ಬದಲಿಸಿದೆವು: ವೇಗವನ್ನು 6 ನಿಮಿಷ 50 ಸೆಕೆಂಡಿಗೆ ಇಳಿಸಿ, ಮೊದಲ ಇಪ್ಪತ್ತನೇ ನಿಮಿಷದಿಂದಲೇ ಪ್ರತಿ ಇಪ್ಪತ್ತು ನಿಮಿಷಕ್ಕೆ 150 ಮಿಲಿಲೀಟರ್ ನೀರು. ಊಟ, ಕಾಫಿ, ಜೆಲ್ ಹಾಗೆಯೇ ಇದ್ದವು. ಅವಸರ 16ರ ಬದಲು 20ನೇ ಕಿಲೋಮೀಟರಿಗೆ ಸರಿಯಿತು, ನುಲಿತವೂ ಕಡಿಮೆಯಿತ್ತು. ಮರುವಾರ ಶನಿವಾರದ ಊಟವನ್ನು ಅನ್ನ ಮತ್ತು ತಿಳಿಸಾರಿಗೆ ಬದಲಿಸಿ, ಕಾಫಿಯನ್ನು ನಾಲ್ಕು ಗಂಟೆಗೆ ಹಿಂದೂಡಿದರು. ಈ ಸಲ ಮನೆಯಲ್ಲಿಯೇ ಎರಡು ಸಲ ಶೌಚವಾಯಿತು, ದಾರಿಯಲ್ಲಿ ನಿಲ್ಲಬೇಕಾಗಲಿಲ್ಲ, ಆದರೆ ಜೆಲ್ ನುಂಗಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರ ಮಾತ್ರ ಉಳಿಯಿತು.

ಉಳಿದದ್ದು ಜೆಲ್. 25 ಗ್ರಾಂ ಸಕ್ಕರೆಯನ್ನು ಕರುಳು ಸುಲಭವಾಗಿ ಹೀರಬಲ್ಲ ಸುಮಾರು ಶೇ. 7ರ ಸಾಂದ್ರತೆಗೆ ತರಲು 350 ಮಿಲಿಲೀಟರ್ ನೀರು ಬೇಕು. ಓಡುತ್ತಾ ಅಷ್ಟು ನೀರನ್ನು ಒಮ್ಮೆಗೇ ಕುಡಿಯಲಾಗದು. ಆದ್ದರಿಂದ ಅರ್ಧ ಜೆಲ್ ಅನ್ನು 175 ಮಿಲಿಲೀಟರ್ ನೀರಿನೊಂದಿಗೆ, 40ನೇ ನಿಮಿಷದಿಂದ ಆರಂಭಿಸಿ ಪ್ರತಿ 25 ನಿಮಿಷಕ್ಕೊಮ್ಮೆ ತೆಗೆದುಕೊಳ್ಳುವಂತೆ ಹೇಳಿದೆವು. ಲೆಕ್ಕ ಹಾಕಿದರೆ ಗಂಟೆಗೆ 30 ಗ್ರಾಂ ಸಕ್ಕರೆ, 420 ಮಿಲಿಲೀಟರ್ ನೀರು. ಬೆವರು 700 ಇದ್ದರೂ ಅಷ್ಟನ್ನೂ ತುಂಬಿಸುವ ಗುರಿ ನಮಗಿರಲಿಲ್ಲ. ರಕ್ತ ಕಡಿಮೆಯಿರುವ ಕರುಳಿಗೆ ನೀರನ್ನೂ ಅಳತೆ ಮೀರಿ ಸುರಿಯಬಾರದು. ಆ ಭಾನುವಾರ ಉಬ್ಬರವೂ ಇರಲಿಲ್ಲ. ಮುಂದಿನ ವಾರಗಳಲ್ಲಿ ಅವರು ನಿಧಾನವಾಗಿ ಗಂಟೆಗೆ 45 ಗ್ರಾಂವರೆಗೆ ಹೋದರು. ಕರುಳಿಗೂ ಅಭ್ಯಾಸ ಮಾಡಿಸಬಹುದು: ಓಡುವಾಗ ಸಕ್ಕರೆ ತೆಗೆದುಕೊಳ್ಳುವುದನ್ನು ಎರಡು ವಾರ ನಿತ್ಯ ರೂಢಿಸಿಕೊಂಡ ಓಟಗಾರರಲ್ಲಿ ತೊಂದರೆ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ.

ನಿಮ್ಮ ವಿಷಯದಲ್ಲಿ ಕ್ರಮ ಬೇರೆಯಾಗಬಹುದು. ಜೆಲ್ ಅನ್ನೇ ಮುಟ್ಟದವರಿಗೆ ಊಟ ಮತ್ತು ವೇಗದಲ್ಲಿಯೇ ಉತ್ತರ ಸಿಗುತ್ತದೆ. ಆದರೆ ವೇಗ ಮತ್ತು ನೀರಿನಿಂದ ಆರಂಭಿಸುವುದನ್ನು ಎಲ್ಲರಿಗೂ ಹೇಳುತ್ತೇವೆ, ಏಕೆಂದರೆ ಕರುಳಿನ ರಕ್ತ ಹೆಚ್ಚು ಇಳಿಯದೇ ಇದ್ದರೆ ಉಳಿದ ಕಾರಣಗಳಿಗೆ ಅಷ್ಟು ಬಲ ಬರುವುದಿಲ್ಲ.

ಜೆಲ್ ಬದಲು ಎಳನೀರು ಅಥವಾ ಮಜ್ಜಿಗೆ ಕುಡಿಯಬಹುದೇ?

ಓಟ ಮುಗಿದ ಮೇಲೆ ಎರಡೂ ಒಳ್ಳೆಯವು. ಓಟದ ನಡುವೆ ಎಳನೀರನ್ನು ನಂಬಿಕೊಳ್ಳುವುದು ಸರಿಯಲ್ಲ: ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ, ಮತ್ತು ಒಮ್ಮೆಗೇ ಹೆಚ್ಚು ಕುಡಿದರೆ ಕೆಲವರಿಗೆ ಅದೇ ಭೇದಿ ತರುತ್ತದೆ. ಮಜ್ಜಿಗೆಯಲ್ಲಿ ಲ್ಯಾಕ್ಟೋಸ್ ಹಾಲಿಗಿಂತ ಕಡಿಮೆಯಾದರೂ ಪೂರ್ತಿ ಹೋಗಿರುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿದರೆ ಕರುಳು ಅದನ್ನು ಚೆನ್ನಾಗಿ ಹೀರುತ್ತದೆ. ಆದರೆ ಒಂದು ಲೀಟರಿನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ, ಹಾಗಾಗಿ ಉದ್ದದ ಓಟಕ್ಕೆ ಬೇಕಾದ ಶಕ್ತಿಯನ್ನು ಅದೊಂದೇ ಕೊಡಲಾರದು. ಹೊಟ್ಟೆ ಕೆಟ್ಟ ಮೇಲೆ ಕುಡಿಯಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಓಟಕ್ಕೆ ಮುಂಚೆ ಭೇದಿ ನಿಲ್ಲಿಸುವ ಮಾತ್ರೆ ತೆಗೆದುಕೊಂಡರೆ ಆಗದೇ?

ಅಭ್ಯಾಸದ ಓಟಗಳಿಗೆ ಖಂಡಿತ ಬೇಡ. ಲೋಪರಮೈಡ್ ಕರುಳಿನ ಚಲನೆಯನ್ನು ತಡೆಯುತ್ತದೆ, ರಕ್ತವನ್ನು ಮರಳಿ ತರುವುದಿಲ್ಲ. ಒಳಗೆ ಕರುಳು ನಲುಗುತ್ತಿದ್ದರೂ ಎಚ್ಚರಿಕೆಯ ಸೂಚನೆ ಮಾತ್ರ ಅಡಗಿಬಿಡುತ್ತದೆ. ಸ್ಪರ್ಧೆಯ ಒಂದು ದಿನಕ್ಕೆ ಬೇಕೆನಿಸಿದರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಜ್ವರ ಅಥವಾ ಮಲದಲ್ಲಿ ರಕ್ತ ಇದ್ದಾಗ ಅದನ್ನು ಮುಟ್ಟಬಾರದು.

ಇದಕ್ಕಿಂತ ನಮಗೆ ಹೆಚ್ಚು ಕಳವಳ ತರುವುದು ಮೊಣಕಾಲು ನೋವಿಗೆಂದು ಓಟಕ್ಕೆ ಮುಂಚೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ನುಂಗುವ ಅಭ್ಯಾಸ. ಈ ಮಾತ್ರೆಗಳು ಕರುಳಿನ ಒಳಪದರವನ್ನು ಇನ್ನಷ್ಟು ಘಾಸಿಗೊಳಿಸುತ್ತವೆ, ನೀರು ಕಡಿಮೆಯಿರುವ ದೇಹದಲ್ಲಿ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಮಾತ್ರೆಯಿಲ್ಲದೆ ಓಡಲಾಗದಷ್ಟು ನೋವಿದ್ದರೆ ಆ ದಿನ ಓಡಬಾರದು.

ದಾರಿಯ ಮಧ್ಯೆ ಅವಸರ ಬಂದೇಬಿಟ್ಟರೆ?

ತಕ್ಷಣ ನಡಿಗೆಗೆ ಇಳಿಯಿರಿ. ಅವಸರ ಅಲೆಗಳಾಗಿ ಬರುತ್ತದೆ. ಒಂದು ಅಲೆ ಇಳಿಯುವವರೆಗೆ ನಡೆದರೆ ಕುಲುಕಾಟ ನಿಲ್ಲುತ್ತದೆ, ಕರುಳಿಗೆ ರಕ್ತವೂ ಮರಳತೊಡಗುತ್ತದೆ, ಶೌಚಾಲಯ ತಲುಪಲು ಬೇಕಾದ ಕೆಲವು ನಿಮಿಷ ಸಿಗುತ್ತವೆ. ಓಡಿಯೇ ತಲುಪುತ್ತೇನೆ ಎಂದು ಹೊರಟವರಿಗೆ ಸಾಮಾನ್ಯವಾಗಿ ತಲುಪಲಾಗುವುದಿಲ್ಲ. ಮತ್ತೆ ಜೆಲ್ ತೆಗೆದುಕೊಳ್ಳಬೇಡಿ, ನೀರನ್ನು ಗುಟುಕುಗುಟುಕಾಗಿ ಕುಡಿಯಿರಿ. ಹೋಗಿ ಬಂದ ಮೇಲೆ ನೋವು, ತಲೆಸುತ್ತು, ರಕ್ತ ಯಾವುದೂ ಇಲ್ಲದಿದ್ದರೆ ನಿಧಾನವಾಗಿ ಮುಂದುವರಿಯಬಹುದು. ಎರಡನೇ ಸಲ ಬಂದರೆ ಅಂದಿನ ಓಟ ಮುಗಿಯಿತು ಎಂದುಕೊಳ್ಳಿ.

ತೊಂದರೆ ತಹಬಂದಿಗೆ ಬರುವವರೆಗೆ ಒಂದೇ ದಿಕ್ಕಿನಲ್ಲಿ 12 ಕಿಲೋಮೀಟರ್ ಹೋಗಿ ಮರಳುವ ಮಾರ್ಗವನ್ನು ಬಿಟ್ಟು, ನಾಲ್ಕೈದು ಕಿಲೋಮೀಟರಿಗೊಮ್ಮೆ ಒಂದೇ ಜಾಗಕ್ಕೆ ಬಂದು ಸೇರುವ ಸುತ್ತುಗಳನ್ನು ಆರಿಸಿಕೊಳ್ಳಿ. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್ ಸುತ್ತ ಇದು ಸುಲಭ. ಹೊರವರ್ತುಲ ರಸ್ತೆಯ ಕಡೆ ಓಡುವವರು ಯಾವ ಪೆಟ್ರೋಲ್ ಬಂಕಿನ ಶೌಚಾಲಯ ಆ ಹೊತ್ತಿಗೆ ತೆರೆದಿರುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಶೌಚಾಲಯ ಎಲ್ಲಿದೆ ಎಂಬುದು ಗೊತ್ತಿದ್ದರೆ ಆತಂಕ ಕಡಿಮೆಯಾಗುತ್ತದೆ, ಮತ್ತು ಆತಂಕವೂ ಕರುಳನ್ನು ಚುರುಕುಗೊಳಿಸುವ ಒಂದು ಕಾರಣವೇ.

ಮುಟ್ಟಿನ ದಿನಗಳಲ್ಲಿ ಹೆಚ್ಚಾಗುತ್ತದೆಯೇ?

ಹಲವರಿಗೆ ಹೌದು. ಮೊದಲ ಎರಡು ದಿನ ಗರ್ಭಕೋಶವನ್ನು ಸಂಕುಚಿಸುವ ಪ್ರೊಸ್ಟಗ್ಲಾಂಡಿನ್‌ಗಳು ಕರುಳನ್ನೂ ಸಂಕುಚಿಸುತ್ತವೆ. ಉದ್ದದ ಓಟವನ್ನು ಎರಡು ಮೂರು ದಿನ ಮುಂದಕ್ಕೆ ಹಾಕುವುದೇ ಸರಳ ಪರಿಹಾರ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಮಲದಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ಓಟ ನಿಲ್ಲಿಸಿ ಎರಡು ಮೂರು ಗಂಟೆಯಾದರೂ ಹೊಟ್ಟೆನೋವು ಇಳಿಯದಿದ್ದರೆ ಅಥವಾ ಪ್ರಜ್ಞೆ ತಪ್ಪಿದರೆ ಅಂದೇ ಹೋಗಬೇಕು. ಓಟದ ವೇಳೆ ಕರುಳಿಗೆ ಹರಿಯುವ ರಕ್ತ ತೀರಾ ಕಡಿಮೆಯಾದಾಗ ದೊಡ್ಡ ಕರುಳಿನ ಗೋಡೆಗೇ ಹಾನಿಯಾಗುವುದುಂಟು. ಮ್ಯಾರಥಾನ್ ಓಟಗಾರರಲ್ಲಿ ಇಂತಹ ಪ್ರಕರಣಗಳು ವರದಿಯಾಗಿವೆ. ಹೆಚ್ಚಿನವರು ವಿಶ್ರಾಂತಿ ಮತ್ತು ದ್ರವದಿಂದ ಗುಣವಾಗುತ್ತಾರೆ, ಕೆಲವೇ ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರ ಮಲವೂ ಕಪ್ಪಾಗಿರುತ್ತದೆ, ಆದ್ದರಿಂದ ಆ ಮಾತ್ರೆಯ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ.

ಅಷ್ಟು ತುರ್ತಿಲ್ಲದಿದ್ದರೂ ತೋರಿಸಿಕೊಳ್ಳಬೇಕಾದ ಸಂದರ್ಭಗಳಿವೆ. ಓಡದ ದಿನಗಳಲ್ಲಿಯೂ ಭೇದಿ, ನಿದ್ದೆಯಿಂದ ಎಬ್ಬಿಸುವ ಅವಸರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಮೋಗ್ಲೋಬಿನ್ ಕಡಿಮೆಯಾಗುತ್ತಾ ಬರುವುದು, ಮನೆಯಲ್ಲಿ ಯಾರಿಗಾದರೂ ಕರುಳಿನ ಉರಿಯೂತದ ಕಾಯಿಲೆ ಇರುವುದು: ಇವನ್ನು ಓಟದಿಂದ ಬಂದದ್ದೆಂದು ಬಿಟ್ಟುಬಿಡಬಾರದು. ಜಿಯಾರ್ಡಿಯಾದಂತಹ ಸೋಂಕು, ಗೋಧಿಯ ಗ್ಲುಟೆನ್ ಒಗ್ಗದಿರುವುದು, ಥೈರಾಯ್ಡ್ ಹೆಚ್ಚಾಗಿರುವುದು ಇವುಗಳನ್ನು ಮಲ ಮತ್ತು ರಕ್ತದ ಪರೀಕ್ಷೆಗಳಿಂದ ಹುಡುಕಬಹುದು. ಹೋಗುವಾಗ ಮೂರು ನಾಲ್ಕು ಓಟಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಹಿಂದಿನ ರಾತ್ರಿಯ ಊಟ, ಕಾಫಿಯ ಹೊತ್ತು, ವೇಗ, ಎಷ್ಟನೇ ನಿಮಿಷಕ್ಕೆ ಏನು ಕುಡಿದಿರಿ, ಅವಸರ ಯಾವಾಗ ಬಂತು, ಮಲ ಹೇಗಿತ್ತು, ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೀರಿ. ಓಟದ ಬಗ್ಗೆ ಹೆಚ್ಚು ತಿಳಿಯದ ವೈದ್ಯರಿಗೂ ಆ ಒಂದು ಹಾಳೆಯಿಂದ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂದು ನಿರ್ಧರಿಸಲು ಸುಲಭವಾಗುತ್ತದೆ.